ಫೀಡ್ ಶ್ರೇಯಾಂಕ

ಫೀಡ್ ಶ್ರೇಯಾಂಕ ಎಂದರೆ ಸಾಮಾಜಿಕ ಜಾಲತಾಣವೊಂದು ತನ್ನ ಪ್ರತಿಯೊಬ್ಬ ಬಳಕೆದಾರರಿಗೆ ಯಾವ ಪೋಸ್ಟನ್ನು ಮೊದಲು, ಯಾವುದನ್ನು ನಂತರ ತೋರಿಸಬೇಕೆಂದು ನಿರ್ಧರಿಸುವ ವಿಧಾನ. ಪೋಸ್ಟ್ ಪ್ರಕಟವಾದ ಕೂಡಲೇ ಬರುವ ಕಾಮೆಂಟ್‌ಗಳು ಮತ್ತು ಓದುಗರು ಅದನ್ನು ಮುಂದಿನ ಬಳಕೆಗಾಗಿ ಉಳಿಸಿಕೊಳ್ಳುವ ‘ಸೇವ್’ ಈ ನಿರ್ಧಾರದ ಮೇಲೆ ಪ್ರಭಾವ ಬೀರುತ್ತವೆ.

ಹಿನ್ನೆಲೆ

ಇನ್‌ಸ್ಟಾಗ್ರಾಮ್ ಆರಂಭದ ವರ್ಷಗಳಲ್ಲಿ ಹೊಸ ಪೋಸ್ಟನ್ನು ಮೇಲೆ, ಹಳೆಯದನ್ನು ಕೆಳಗೆ ತೋರಿಸುತ್ತಿತ್ತು. ಬಳಕೆದಾರರು ತಮ್ಮ ಫೀಡ್‌ನ ಸರಾಸರಿ 70 ಪ್ರತಿಶತ ಭಾಗವನ್ನು ನೋಡುತ್ತಲೇ ಇಲ್ಲವೆಂಬ ಕಾರಣ ನೀಡಿ, 2016ರಲ್ಲಿ ಸಂಸ್ಥೆಯು ಕಾಲಾನುಕ್ರಮವನ್ನು ಕೈಬಿಟ್ಟು ಶ್ರೇಯಾಂಕ ಪದ್ಧತಿಗೆ ಬದಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೇವ್ ಸೌಲಭ್ಯವೂ ಬಂದಿತು.

ಅಂಕಗಳ ಲೆಕ್ಕ

ಹೆಚ್ಚಿನ ಜಾಲತಾಣಗಳು ತಮ್ಮ ಲೆಕ್ಕಾಚಾರವನ್ನು ಪೂರ್ಣವಾಗಿ ಬಹಿರಂಗಪಡಿಸುವುದಿಲ್ಲ. 2023ರಲ್ಲಿ ತನ್ನ ಶಿಫಾರಸು ವ್ಯವಸ್ಥೆಯ ಕೋಡ್ ಪ್ರಕಟಿಸಿದ ಟ್ವಿಟರ್ (ಈಗಿನ ಎಕ್ಸ್) ಇದಕ್ಕೆ ಅಪವಾದ. ಅದರಂತೆ, ಒಬ್ಬ ನಿರ್ದಿಷ್ಟ ಓದುಗ ಒಂದು ಪೋಸ್ಟಿಗೆ ಹೇಗೆ ಸ್ಪಂದಿಸಬಹುದೆಂಬ ಸಂಭವನೀಯತೆಯನ್ನು ಮೊದಲು ಊಹಿಸಲಾಗುತ್ತದೆ. ಬಳಿಕ ಪ್ರತಿ ಸ್ಪಂದನೆಯನ್ನು ಅದರ ತೂಕದಿಂದ ಗುಣಿಸಿ ಕೂಡಲಾಗುತ್ತದೆ. ಆಗ ಲೈಕ್‌ನ ತೂಕ 0.5, ಉತ್ತರದ ತೂಕ 13.5 ಆಗಿತ್ತು. ಓದುಗರು ಬರೆದ ಉತ್ತರಕ್ಕೆ ಮೂಲ ಲೇಖಕರೇ ಸ್ಪಂದಿಸುವ ಸಂಭವಕ್ಕೆ 75ರ ತೂಕವಿತ್ತು.

ಉದಾಹರಣೆಗೆ, ಸಾವಿರ ಓದುಗರಿಂದ 100 ಲೈಕ್ ಮತ್ತು 1 ಉತ್ತರ ನಿರೀಕ್ಷಿತವಾಗಿರುವ ಪೋಸ್ಟ್ ಗಳಿಸುವುದು 50 + 13.5, ಅಂದರೆ 63.5 ಅಂಕ. ಕೇವಲ 20 ಲೈಕ್, ಆದರೆ 10 ಉತ್ತರಗಳು ನಿರೀಕ್ಷಿತವಾಗಿರುವ ಪೋಸ್ಟ್ ಗಳಿಸುವುದು 10 + 135, ಅಂದರೆ 145. ಆದರೆ ಜಗಳವೆಬ್ಬಿಸಿ ಉತ್ತರ ಪಡೆಯುವುದು ಲಾಭವಲ್ಲ. ದೂರು ಸಲ್ಲಿಕೆಯ ತೂಕ ಋಣ 369 ಆಗಿದ್ದುದರಿಂದ, ನಿರೀಕ್ಷಿತ ಒಂದು ದೂರು ಸುಮಾರು 27 ಉತ್ತರಗಳ ಅಂಕವನ್ನು ಅಳಿಸಿಹಾಕುತ್ತಿತ್ತು. ಈ ತೂಕಗಳು ಬದಲಾಗುತ್ತಿರುತ್ತವೆ; ಅವುಗಳನ್ನು ಇತರ ಜಾಲತಾಣಗಳಿಗೆ ಅನ್ವಯಿಸುವುದೂ ಸರಿಯಲ್ಲ.

ಆರಂಭಿಕ ಸ್ಪಂದನೆಯ ಮಹತ್ವ

ಹೊಸ ಪೋಸ್ಟಿನ ಬಗ್ಗೆ ವ್ಯವಸ್ಥೆಗೆ ತಿಳಿದಿರುವುದು ಅತ್ಯಲ್ಪ. ಲೇಖಕರ ಹಿಂದಿನ ಪೋಸ್ಟ್‌ಗಳು ಮತ್ತು ವಿಷಯದ ಆಧಾರದ ಮೇಲೆ ಮಾಡಿದ ಊಹೆಯನ್ನು ಮೊದಲ ಓದುಗರ ವರ್ತನೆ ತಿದ್ದುತ್ತದೆ. ಆದ್ದರಿಂದಲೇ ಮೊದಲ ಹತ್ತು ಕಾಮೆಂಟ್‌ಗಳು ಮರುದಿನ ಬರುವ ಹತ್ತು ಕಾಮೆಂಟ್‌ಗಳಿಗಿಂತ ಹೆಚ್ಚು ಬೆಲೆಯುಳ್ಳವು. ಅಪರಿಚಿತರ ಪೋಸ್ಟ್‌ಗಳನ್ನು ತೋರಿಸುವ ‘ಎಕ್ಸ್‌ಪ್ಲೋರ್’ ವಿಭಾಗದಲ್ಲಿ ಲೈಕ್, ಕಾಮೆಂಟ್, ಹಂಚಿಕೆ ಮತ್ತು ಸೇವ್ ಎಷ್ಟು ಬಂದಿವೆ, ಎಷ್ಟು ಬೇಗ ಬಂದಿವೆ ಎಂಬುದು ಸಾಮಾನ್ಯ ಫೀಡ್‌ಗಿಂತ ಬಹಳ ಹೆಚ್ಚು ಮುಖ್ಯವೆಂದು ಇನ್‌ಸ್ಟಾಗ್ರಾಮ್ 2021ರಲ್ಲಿ ತಿಳಿಸಿತು. ಮೊದಲ ಒಂದು ಗಂಟೆಯಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ ಎಂಬ ಜನಪ್ರಿಯ ನಂಬಿಕೆ ಆ ವಿವರಣೆಯಲ್ಲಿ ಇಲ್ಲ.

ಸೇವ್

ಪೋಸ್ಟನ್ನು ಯಾರು ಸೇವ್ ಮಾಡಿದರೆಂಬುದು ಲೇಖಕರಿಗೆ ಕಾಣುವುದಿಲ್ಲ. ವೃತ್ತಿಪರ ಖಾತೆಯ ಅಂಕಿಅಂಶ ವಿಭಾಗದಲ್ಲಿ ಒಟ್ಟು ಸಂಖ್ಯೆ ಮಾತ್ರ ದೊರೆಯುತ್ತದೆ. ತೋರಿಕೆಗಾಗಿ ಯಾರೂ ಸೇವ್ ಮಾಡುವುದಿಲ್ಲವಾದ್ದರಿಂದ ಅದು ಲೈಕ್‌ಗಿಂತ ನಂಬಲರ್ಹ ಸೂಚನೆ. ಬಿಸಿಬೇಳೆಬಾತಿನ ಚಿತ್ರಕ್ಕೆ ಲೈಕ್ ಬೀಳಬಹುದು. ಅಳತೆ ಸಹಿತ ಪಾಕವಿಧಾನಕ್ಕೆ ಸೇವ್ ಬೀಳುತ್ತದೆ. 2021ರ ವಿವರಣೆಯಲ್ಲಿ ಫೀಡ್‌ಗಾಗಿ ಹೆಚ್ಚು ಗಮನಿಸುವ ಐದು ಸ್ಪಂದನೆಗಳಲ್ಲಿ ಸೇವ್ ಸೇರಿತ್ತು. ಆದರೆ 2025ರಲ್ಲಿ ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಮ್ ಮೊಸ್ಸೇರಿ ಅತಿ ಮುಖ್ಯವೆಂದು ಹೆಸರಿಸಿದ್ದು ವೀಕ್ಷಣೆಯ ಅವಧಿ, ಲೈಕ್ ಮತ್ತು ಇತರರಿಗೆ ಕಳುಹಿಸುವಿಕೆಯನ್ನು.

ಪ್ರಕಟಣೆಯ ಸಮಯ ಮತ್ತು ರೀತಿ

ಎಲ್ಲರಿಗೂ ಹೊಂದುವ ‘ಅತ್ಯುತ್ತಮ ಸಮಯ’ವೊಂದಿಲ್ಲ. ಅನುಯಾಯಿಗಳು ಯಾವ ದಿನ, ಯಾವ ಗಂಟೆಯಲ್ಲಿ ಹೆಚ್ಚು ಸಕ್ರಿಯರೆಂಬುದನ್ನು ಅಂಕಿಅಂಶ ವಿಭಾಗವೇ ತೋರಿಸುತ್ತದೆ. ಕರ್ನಾಟಕದಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಓದುಗರಿರುವ ಕನ್ನಡ ಪುಟವೊಂದು ರಾತ್ರಿ 9ಕ್ಕೆ ಪ್ರಕಟಿಸಿದರೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ 8.30, ಚಳಿಗಾಲದಲ್ಲಿ 7.30 ಆಗಿರುತ್ತದೆ, ಎರಡೂ ಕಡೆಯವರು ಎಚ್ಚರವಿರುವ ಹೊತ್ತದು. ಬೆಳಗಿನ ಜಾವ 3ಕ್ಕೆ ಪ್ರಕಟಿಸಿದರೆ ಕರ್ನಾಟಕದ ಓದುಗರು ಏಳುವಷ್ಟರಲ್ಲಿ ಪೋಸ್ಟ್ ಹಳತಾಗಿರುತ್ತದೆ. ಉತ್ತರಿಸಲು ಲೇಖಕರಿಗೂ ಬಿಡುವಿರುವ ಸಮಯವನ್ನು ಆರಿಸುವುದು ಅಷ್ಟೇ ಅಗತ್ಯ.

ಕಾಮೆಂಟ್ ಬೇಡುವ ರೀತಿಯೂ ಮುಖ್ಯ. ‘ಹೌದು ಎನ್ನುವವರು ಕಾಮೆಂಟ್ ಮಾಡಿ’ ಎಂಬಂತಹ ಆಮಿಷದ ಪೋಸ್ಟ್‌ಗಳನ್ನು ಕೆಳಗಿಳಿಸುವುದಾಗಿ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲಿ ಘೋಷಿಸಿತು. ‘ನಿಮ್ಮೂರಿನಲ್ಲಿ ಈ ತಿಂಡಿಗೆ ಏನೆನ್ನುತ್ತಾರೆ?’ ಎಂಬ ಪ್ರಶ್ನೆಗೆ ಬರುವ ಉತ್ತರಗಳು ಒಂದರಿಂದ ಒಂದು ಬೇರೆಯಾಗಿರುತ್ತವೆ, ಮಾತು ಮುಂದುವರಿಯುತ್ತದೆ.

ಗುಂಪು ಕಟ್ಟಿಕೊಂಡು ಪರಸ್ಪರ ಕಾಮೆಂಟ್ ಹಾಕುವ ಪದ್ಧತಿಯ ದೋಷವನ್ನು ಅಂಕಿಅಂಶಗಳಲ್ಲೇ ಗುರುತಿಸಬಹುದು. ಕಾಮೆಂಟ್ ಹೆಚ್ಚಿದ್ದೂ ಅನುಯಾಯಿಗಳಲ್ಲದವರನ್ನು ಪೋಸ್ಟ್ ತಲುಪದಿದ್ದರೆ, ಸೇವ್ ಶೂನ್ಯದ ಸಮೀಪವಿದ್ದರೆ, ಆ ಕಾಮೆಂಟ್‌ಗಳು ಗೆಳೆಯರ ವಲಯದಾಚೆಗೆ ಪೋಸ್ಟನ್ನು ಒಯ್ದಿಲ್ಲವೆಂದು ಊಹಿಸಬಹುದು. ಪೋಸ್ಟ್ ಚೆನ್ನಾಗಿದ್ದಾಗ ಬೇಗನೆ ಕಾಮೆಂಟ್ ಬರುವುದೂ ಸಹಜವೇ ಆದ್ದರಿಂದ, ಪ್ರಸಾರಕ್ಕೆ ಕಾಮೆಂಟೇ ಕಾರಣವೋ ಗುಣಮಟ್ಟವೋ ಎಂಬುದನ್ನು ಒಂದೆರಡು ಪೋಸ್ಟ್‌ಗಳಿಂದ ನಿರ್ಧರಿಸಲಾಗದು. ಒಂದೇ ಬಗೆಯ ಪೋಸ್ಟ್‌ಗಳನ್ನು ಹಲವು ವಾರ ಎರಡು ಬೇರೆ ಸಮಯಗಳಲ್ಲಿ ಪ್ರಕಟಿಸಿ ಹೋಲಿಸಿದರೆ ಸಮಯದ ಪಾತ್ರ ಸ್ವಲ್ಪ ಸ್ಪಷ್ಟವಾಗುತ್ತದೆ. 2022ರಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಮತ್ತೆ ದೊರೆಯುತ್ತಿರುವ ಕಾಲಾನುಕ್ರಮದ ‘ಫಾಲೋಯಿಂಗ್’ ಫೀಡ್ ಬಳಸುವವರಿಗೆ ಈ ಶ್ರೇಯಾಂಕ ಅನ್ವಯಿಸುವುದಿಲ್ಲ. ಅಲ್ಲಿ ಪ್ರಕಟಣೆಯ ಸಮಯವೊಂದೇ ಸ್ಥಾನವನ್ನು ನಿರ್ಧರಿಸುತ್ತದೆ.