ಶಿವರಾತ್ರಿ ಜಾಗರಣೆ, ಮದುವೆ ಮನೆಯ ನಿದ್ದೆಗೇಡು: ಚೇತರಿಕೆಯ ದಾರಿ ಬೇರೆ ಬೇರೆ

ಶಿವರಾತ್ರಿಯಂದು ನಾಲ್ಕು ಜಾವಗಳ ಪೂಜೆ ಮುಗಿಯುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಮದುವೆ ಮನೆಯಲ್ಲಿ ಆರತಕ್ಷತೆ ಮುಗಿಸಿ ಮಲಗುವಾಗ ನಡುರಾತ್ರಿ ದಾಟಿರುತ್ತದೆ, ಮುಹೂರ್ತಕ್ಕೆ ಸಿದ್ಧರಾಗಲು ನಸುಕಿನಲ್ಲೇ ಏಳಬೇಕಾಗುತ್ತದೆ. ಎರಡೂ ನಿದ್ದೆಗೇಡೇ ಆದರೂ ದೇಹದ ಮೇಲೆ ಅವುಗಳ ಪರಿಣಾಮ ಒಂದೇ ಬಗೆಯದಲ್ಲ. ಹೀಗಾಗಿ ಚೇತರಿಸಿಕೊಳ್ಳುವ ಕ್ರಮವೂ ಬೇರೆಯಾಗುತ್ತದೆ.

ನಿದ್ರೆಯನ್ನು ಎರಡು ಶಕ್ತಿಗಳು ನಿಯಂತ್ರಿಸುತ್ತವೆ. ಎಚ್ಚರವಾಗಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸಂಗ್ರಹವಾಗಿ ನಿದ್ರೆಯ ಒತ್ತಡ ಏರುತ್ತದೆ. ಇನ್ನೊಂದು, ಬೆಳಕನ್ನು ಅನುಸರಿಸಿ ನಡೆಯುವ ಜೈವಿಕ ಗಡಿಯಾರ. ಅದು ನಸುಕಿನ 3ರಿಂದ 5ರವರೆಗೆ ನಮ್ಮನ್ನು ಮಲಗಿಸಲು ನೋಡುತ್ತದೆ, ಬೆಳಗಾದ ಮೇಲೆ ಎಬ್ಬಿಸುತ್ತದೆ. ಜಾಗರಣೆಯ ಮರುದಿನ ಬೆಳಿಗ್ಗೆ 8 ಗಂಟೆಗೆ 'ಆಯಾಸವೇ ಇಲ್ಲ' ಎನಿಸುವುದು ಈ ಗಡಿಯಾರದಿಂದಲೇ. ಒತ್ತಡ ಮಾತ್ರ ಇಳಿದಿರುವುದಿಲ್ಲ. ಮಧ್ಯಾಹ್ನ ಊಟವಾದ ಬಳಿಕ ಅದು ಒಮ್ಮೆಲೇ ಕಾಣಿಸಿಕೊಳ್ಳುತ್ತದೆ.

ಒಂದು ಪೂರ್ಣ ರಾತ್ರಿ ಕಳೆದಾಗ

2025ರ ಶಿವರಾತ್ರಿ ಫೆಬ್ರವರಿ 26ರ ಬುಧವಾರ ಬಂದಿತ್ತು. ಮರುದಿನ ಗುರುವಾರ ಕಚೇರಿಗೆ ಹೋಗಬೇಕಾದವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬುಧವಾರ ಬೆಳಿಗ್ಗೆ 6ಕ್ಕೆ ಎದ್ದವರು ಗುರುವಾರ 6ಕ್ಕೆ 24 ಗಂಟೆ ಎಚ್ಚರವಿದ್ದಂತಾಯಿತು. ಸಾಧ್ಯವಿದ್ದರೆ ಆಗಲೇ ಒಂದೂವರೆ ಗಂಟೆ ಮಲಗುವುದು ಒಳ್ಳೆಯದು. ಮಧ್ಯಾಹ್ನ 1ರ ಸುಮಾರಿಗೆ 20 ನಿಮಿಷಗಳ ಕಿರುನಿದ್ದೆ ಸಾಕು. ಅರ್ಧ ಗಂಟೆ ಮೀರಿದರೆ ಗಾಢ ನಿದ್ರೆಗೆ ಜಾರಿ, ಎದ್ದಾಗ ಮಂಪರು ಹೆಚ್ಚುತ್ತದೆ. ಕಾಫಿಯನ್ನು ಮಧ್ಯಾಹ್ನ 2ರೊಳಗೆ ಮುಗಿಸಬೇಕು. ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುತ್ತದೆ. ರಾತ್ರಿ 9ಕ್ಕೆ ಮಲಗಿ, ಶುಕ್ರವಾರ ಎಂದಿನಂತೆ 6ಕ್ಕೆ ಏಳಬೇಕು.

ಕಳೆದುಕೊಂಡ ಎಂಟು ಗಂಟೆಗಳನ್ನು ಲೆಕ್ಕಕ್ಕೆ ಸರಿಯಾಗಿ ತೀರಿಸಬೇಕಾಗಿಲ್ಲ. 1964ರಲ್ಲಿ ಅಮೆರಿಕದ ವಿದ್ಯಾರ್ಥಿ ರ್‍ಯಾಂಡಿ ಗಾರ್ಡ್ನರ್ ಸುಮಾರು 11 ದಿನ ಎಚ್ಚರವಿದ್ದು, ಬಳಿಕ ಮೊದಲ ಸಲ ಮಲಗಿದ್ದು 14 ಗಂಟೆಗಳಷ್ಟು ಮಾತ್ರ. ದೇಹವು ಮೊದಲ ರಾತ್ರಿ ಗಾಢ ನಿದ್ರೆಯನ್ನೂ ನಂತರದ ರಾತ್ರಿಗಳಲ್ಲಿ ಕನಸಿನ ನಿದ್ರೆಯನ್ನೂ ಹೆಚ್ಚಿಸಿಕೊಂಡು ಸರಿದೂಗಿಸುತ್ತದೆ. ಆದ್ದರಿಂದ ಎರಡು ಒಳ್ಳೆಯ ರಾತ್ರಿಗಳಲ್ಲಿ ಬಹುತೇಕರು ಸುಧಾರಿಸಿಕೊಳ್ಳುತ್ತಾರೆ.

ಸಾಮಾನ್ಯವಾಗಿ ಆಗುವ ತಪ್ಪೆಂದರೆ ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಮಲಗಿಬಿಡುವುದು. ಆಗ ಒತ್ತಡ ಇಳಿದುಹೋಗಿ, ಅಂದಿನ ರಾತ್ರಿ 12 ಕಳೆದರೂ ಕಣ್ಣು ಮುಚ್ಚುವುದಿಲ್ಲ. ಹಾಗಾದಲ್ಲಿ ಮರುದಿನ ತಡವಾಗಿ ಏಳದೆ, ಹಗಲು ಮಲಗದೆ, ಬೆಳಗಿನ ಬಿಸಿಲಿಗೆ ಹೋದರೆ ಗಡಿಯಾರ ಮತ್ತೆ ದಾರಿಗೆ ಬರುತ್ತದೆ.

ಹಲವು ರಾತ್ರಿಗಳು ಮೊಟಕಾದಾಗ

ಮದುವೆಯ ನಿದ್ದೆಗೇಡು ಹೆಚ್ಚು ಮೋಸದ್ದು. ದಿನಕ್ಕೆ ನಾಲ್ಕೈದು ಗಂಟೆ ಮಲಗುವುದರಿಂದ ತೂಕಡಿಕೆ ಅಷ್ಟಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 14 ದಿನ ಆರು ಗಂಟೆಯಷ್ಟೇ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೆ ತಮಗೆ ಅಂಥ ನಿದ್ದೆಯೇನೂ ಬರುತ್ತಿಲ್ಲವೆಂದೇ ಅವರು ಭಾವಿಸಿದ್ದರು.

ಇಂಥ ಕೊರತೆ ಒಂದು ಭಾನುವಾರದ ದೀರ್ಘ ನಿದ್ದೆಯಿಂದ ತೀರದು. ಏಳುವ ಸಮಯವನ್ನು ಬದಲಿಸದೆ, ಸುಮಾರು ಒಂದು ವಾರ ದಿನವೂ ಒಂದು ಗಂಟೆ ಮೊದಲೇ ಮಲಗಬೇಕು. ಅಲಾರಂಗೆ ಮೊದಲೇ ತಾನಾಗಿ ಎಚ್ಚರವಾಗತೊಡಗಿ, ಬಸ್ಸಿನಲ್ಲಿ ಕುಳಿತ ಕೂಡಲೇ ತೂಕಡಿಸುವುದು ನಿಂತರೆ ಬಾಕಿ ತೀರಿತೆಂದು ತಿಳಿಯಬಹುದು.

ಎಚ್ಚರ ವಹಿಸಬೇಕಾದವರು

ಜಾಗರಣೆ ಮುಗಿಸಿ ಧರ್ಮಸ್ಥಳದಂತಹ ಕ್ಷೇತ್ರಗಳಿಂದ ತಾವೇ ಕಾರು ಚಲಾಯಿಸಿಕೊಂಡು ಹಿಂದಿರುಗುವುದು ಎಲ್ಲಕ್ಕಿಂತ ಅಪಾಯಕಾರಿ. 24 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗಿರುತ್ತದೆ. ವಾಹನ ಚಾಲಕರಿಗೆ ನಮ್ಮ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 66 ಮೀಟರ್ ಸಾಗಿರುತ್ತದೆ. ಕಿಟಕಿ ತೆರೆಯುವುದು, ಹಾಡು ಹಾಕುವುದು ಇದಕ್ಕೆ ಪರಿಹಾರವಲ್ಲ. ಮೊದಲು ಮಲಗಿ ಆಮೇಲೆ ಹೊರಡುವುದು ಅಥವಾ ರಾತ್ರಿ ನಿದ್ದೆ ಮಾಡಿದವರಿಗೆ ಚಾಲನೆ ಒಪ್ಪಿಸುವುದೇ ಸರಿ.

ಅಪಸ್ಮಾರ ಇರುವವರಲ್ಲಿ ಒಂದು ರಾತ್ರಿಯ ನಿದ್ದೆಗೇಡೂ ಮೂರ್ಛೆಯನ್ನು ಕೆರಳಿಸಬಲ್ಲದು. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆ ಇರುವವರಲ್ಲಿ ಅದು ಉನ್ಮಾದಕ್ಕೆ ದಾರಿಯಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಜಾಗರಣೆಯ ಜೊತೆಗಿನ ಉಪವಾಸವೂ ತೊಂದರೆ ತರಬಲ್ಲದು. ಇಂಥವರು ಜಾಗರಣೆಗೆ ಮುನ್ನವೇ ತಮ್ಮ ವೈದ್ಯರನ್ನು ಕೇಳಬೇಕು.