ಮೂರಕ್ಷರದ ಪದಚೌಕ: ರಚನೆಯ ಕ್ರಮ

ಅಡ್ಡಸಾಲುಗಳಲ್ಲಿ ಓದಿದ ಪದಗಳೇ ಅದೇ ಕ್ರಮದಲ್ಲಿ ಕಂಬಸಾಲುಗಳಲ್ಲಿಯೂ ದೊರೆಯುವ ಅಕ್ಷರವಿನ್ಯಾಸವನ್ನು ಪದಚೌಕ ಎನ್ನಬಹುದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹುದುಗಿದ ಇಟಲಿಯ ಪಾಂಪೇ ನಗರದ ಉತ್ಖನನದಲ್ಲಿ ಐದು ಲ್ಯಾಟಿನ್ ಪದಗಳ ಇಂತಹ ಚೌಕವೊಂದು ದೊರೆತಿದೆ. ಅದರಲ್ಲಿನ ‘ಅರೆಪೊ’ ಎಂಬ ಪದ ಲ್ಯಾಟಿನ್‌ನಲ್ಲಿ ಬೇರೆಲ್ಲಿಯೂ ಕಾಣಸಿಗದು. ಚೌಕ ಕೂಡಿಸಲೆಂದೇ ಅದನ್ನು ಹೊಸೆದಿರಬೇಕೆಂಬ ಊಹೆಯುಂಟು.

ಕನ್ನಡದಲ್ಲಿ ಒಂದು ಮನೆಗೆ ಗುಣಿತ, ಒತ್ತು, ಅನುಸ್ವಾರಸಹಿತವಾದ ಒಂದು ಪೂರ್ಣಾಕ್ಷರ ಸಲ್ಲುತ್ತದೆ. ‘ಲವಂಗ’ಕ್ಕೆ ಲ, ವಂ, ಗ ಎಂಬ ಮೂರು ಮನೆಗಳು ಸಾಕು. ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿ ಬರುವ ಸರ್ವತೋಭದ್ರ ಬಂಧದಲ್ಲಿಯೂ ಎಣಿಕೆ ಅಕ್ಷರದ್ದೇ.

ಚೌಕದ ಎರಡನೆಯ ಪದವು ಮೊದಲ ಪದದ ನಡುವಣ ಅಕ್ಷರದಿಂದಲೂ, ಮೂರನೆಯ ಪದವು ಅದರ ಕೊನೆಯ ಅಕ್ಷರದಿಂದಲೂ ಆರಂಭವಾಗಬೇಕು. ಆದುದರಿಂದ ಮೊದಲ ಪದದ ಆಯ್ಕೆಯೇ ನಿರ್ಣಾಯಕ. ‘ಕಾರಣ’ದಿಂದ ತೊಡಗಿದರೆ ಮೂರನೆಯ ಸಾಲಿಗೆ ‘ಣ’ಕಾರದಿಂದ ಮೊದಲಾಗುವ ಪದ ಬೇಕಾಗುತ್ತದೆ, ಕನ್ನಡದಲ್ಲಿ ಅಂತಹ ಪದ ದೊರೆಯದು. ‘ಮರಳು’ ಎಂದರೆ ‘ಳು’ ಅಡ್ಡಬರುತ್ತದೆ. ಉಕಾರಾಂತವಾದ ಅಚ್ಚಗನ್ನಡ ಪದಗಳಿಗಿಂತ ಅಕಾರಾಂತವಾದ ಸಂಸ್ಕೃತಮೂಲದ ಪದಗಳು ಇಲ್ಲಿ ಹೆಚ್ಚು ಒದಗಿಬರುವುದು ಈ ಕಾರಣದಿಂದಲೇ.

‘ಕವನ’ವನ್ನು ಆರಿಸಿಕೊಳ್ಳೋಣ. ಎರಡನೆಯ ಪದ ‘ವ’ದಿಂದಲೂ ಮೂರನೆಯದು ‘ನ’ದಿಂದಲೂ ಮೊದಲಾಗಬೇಕು. ಜೊತೆಗೆ, ಎರಡನೆಯದರ ಕೊನೆಯ ಅಕ್ಷರವೇ ಮೂರನೆಯದರ ನಡುವಣ ಅಕ್ಷರವಾಗಬೇಕು. ಮೂರನೆಯದಾಗಿ ‘ನಗರ’ವನ್ನಿಟ್ಟರೆ ‘ವ’ದಿಂದ ತೊಡಗಿ ‘ಗ’ದಲ್ಲಿ ಮುಗಿಯುವ ಮೂರಕ್ಷರದ ಪದಕ್ಕಾಗಿ ಪರದಾಡಬೇಕು. ‘ನಯನ’ವನ್ನಿಟ್ಟರೆ ಕೊನೆಗೆ ‘ಯ’ ಬೇಕು; ‘ವಲಯ’ ಸಹಜವಾಗಿ ಹೊಂದುತ್ತದೆ.

ಕ ವ ನ
ವ ಲ ಯ
ನ ಯ ನ

ಇಲ್ಲಿ ಮನೆಗಳು ಒಂಬತ್ತಾದರೂ ನಾವು ಆರಿಸಬೇಕಾದ ಅಕ್ಷರಗಳು ಆರು ಮಾತ್ರ. ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಇಳಿಯುವ ಕರ್ಣದ ಮೂರು ಅಕ್ಷರಗಳು ಒಂದೊಂದು ಪದಕ್ಕಷ್ಟೇ ಸೇರಿದವು. ಉಳಿದ ಮೂರು ಎರಡೆರಡು ಪದಗಳಿಗೆ ದುಡಿಯುತ್ತವೆ. ಹೀಗಾಗಿ ಕರ್ಣದ ಅಕ್ಷರವನ್ನು ಬದಲಿಸಿದರೆ ಒಂದೇ ಪದ ಬದಲಾಗುತ್ತದೆ. ‘ಕ’ದ ಸ್ಥಾನದಲ್ಲಿ ಪ, ಭ, ಜೀ, ಯೌ ಇವುಗಳಲ್ಲಿ ಯಾವುದನ್ನಿಟ್ಟರೂ ಪವನ, ಭವನ, ಜೀವನ, ಯೌವನ ಎಂಬ ಪದಗಳಾಗಿ ಚೌಕ ಕೆಡದೆ ನಿಲ್ಲುತ್ತದೆ. ‘ಸರಸ, ರಜತ, ಸತತ’ ಎಂಬ ಮತ್ತೊಂದು ಚೌಕದಲ್ಲಿ ಮೊದಲ ‘ಸ’ಕ್ಕೆ ಬದಲಾಗಿ ‘ವಿ’ ಬರೆದರೆ ಸರಸವೇ ವಿರಸವಾದೀತು, ಚೌಕಕ್ಕೆ ಮಾತ್ರ ಭಂಗವಿಲ್ಲ.

ಸಾಮಾನ್ಯವಾಗಿ ತಪ್ಪು ನುಸುಳುವುದು ಗುಣಿತದಲ್ಲಿ. ‘ನಯನ’ದ ಬದಲು ‘ನಾಯಕ’ವನ್ನಿಟ್ಟರೆ ಮೇಲ್ನೋಟಕ್ಕೆ ಸರಿಯೆನಿಸಿದರೂ ಮೂರನೆಯ ಕಂಬಸಾಲು ‘ನಯಕ’ ಎಂದಾಗುತ್ತದೆ. ಪ್ರತಿ ಅಡ್ಡಸಾಲನ್ನೂ ಅದೇ ಸಂಖ್ಯೆಯ ಕಂಬಸಾಲಿನೊಡನೆ ಹೋಲಿಸಿ ಓದಿದರೆ ಈ ದೋಷ ಒಡನೆಯೇ ಗೋಚರಿಸುತ್ತದೆ.

ನಾಲ್ಕಕ್ಷರದ ಚೌಕದಲ್ಲಿ ಎರಡೆರಡು ಪದಗಳಿಗೆ ಸಲ್ಲಬೇಕಾದ ಅಕ್ಷರಗಳು ಮೂರರಿಂದ ಆರಕ್ಕೇರುತ್ತವೆ. ನಿಘಂಟಿನಲ್ಲಿಲ್ಲದ ಪದವನ್ನು ಹೊಸೆಯುವ ಆಸೆ ಮೂಡುವುದು ಅಲ್ಲಿಯೇ.