ನೆರೆಮನೆಯ ತೆರಿಗೆ ರಸೀದಿ ಸಾಕ್ಷಿಯಾಗುವುದು ಯಾವಾಗ?

ಭಾಗ್ಯನಗರ (ಕೊಪ್ಪಳ): ಆಸ್ತಿ ತೆರಿಗೆ ಏಕಾಏಕಿ ಎರಡು ಪಟ್ಟು, ಮೂರು ಪಟ್ಟು ಏರಿದಾಗ ಮನೆಯ ಮಾಲೀಕರು ಮೊದಲು ಮಾಡುವ ಕೆಲಸವೆಂದರೆ ಪಕ್ಕದ ಮನೆಯವರ ರಸೀದಿಯನ್ನು ನೋಡುವುದು. ‘ಅವರಿಗೆ ಎರಡು ಸಾವಿರ, ನಮಗೆ ಆರು ಸಾವಿರ’ ಎಂಬ ಒಂದೇ ಸಾಲಿನ ಅರ್ಜಿ ಪಟ್ಟಣ ಪಂಚಾಯಿತಿಯ ಮೇಜಿಗೆ ಹೋಗುತ್ತದೆ. ಇಂತಹ ಅರ್ಜಿ ತಿರಸ್ಕೃತವಾಗುವುದೇ ಹೆಚ್ಚು. ಹೋಲಿಕೆ ತಪ್ಪಲ್ಲ, ಹೋಲಿಸಿದ ಅಂಕಿ ತಪ್ಪು. ಮೇಲ್ಮನವಿಯಲ್ಲಿ ಹೋಲಿಸಬೇಕಾದುದು ತೆರಿಗೆಯ ಮೊತ್ತವನ್ನಲ್ಲ, ಆ ಮೊತ್ತ ಹುಟ್ಟಿದ ಕಾಲಂಗಳನ್ನು.

ಕೊಪ್ಪಳ ನಗರಕ್ಕೆ ಅಂಟಿಕೊಂಡಂತಿರುವ ಭಾಗ್ಯನಗರ ಹಿಂದೆ ಗ್ರಾಮ ಪಂಚಾಯಿತಿಯಾಗಿತ್ತು, ನಂತರ ಪಟ್ಟಣ ಪಂಚಾಯಿತಿಯಾಯಿತು. ನೇಕಾರಿಕೆಗೂ ಕೂದಲು ಸಂಸ್ಕರಣೆಗೂ ಹೆಸರಾದ ಈ ಊರಿನಲ್ಲಿ ವಾಸ ಮತ್ತು ದುಡಿಮೆ ಒಂದೇ ಸೂರಿನಡಿ ನಡೆಯುವ ಮನೆಗಳಿವೆ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ. ತೆರಿಗೆ ನಿರ್ಧರಣೆಯಲ್ಲಿ ತಕರಾರು ಏಳುವುದಕ್ಕೆ ಇಂತಹ ಮನೆಗಳು ತಕ್ಕ ಉದಾಹರಣೆ.

ಐದು ಕಾಲಂಗಳ ಲೆಕ್ಕ

ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳ ಆಸ್ತಿ ತೆರಿಗೆಗೆ ಆಧಾರ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ. ಇದರಡಿ ತೆರಿಗೆ ನಿಂತಿರುವುದು ಆಸ್ತಿಯ ಬಂಡವಾಳ ಮೌಲ್ಯದ ಮೇಲೆ. ಮೊದಲು ಹಳೆಯ ಮಾರ್ಗಸೂಚಿ ದರವನ್ನೇ ಬುನಾದಿಯಾಗಿಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15ರಷ್ಟು ಏರಿಸಲಾಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ದರಕ್ಕೆ ಜೋಡಿಸಿತು. ನಿವೇಶನ ಮತ್ತು ಕಟ್ಟಡಗಳ ಮಾರ್ಗಸೂಚಿ ಮೌಲ್ಯದ ಶೇ 25ರಷ್ಟನ್ನು ತೆರಿಗೆಗೆ ಒಳಪಡುವ ಮೌಲ್ಯವೆಂದು ಪರಿಗಣಿಸಿ, ವಾಸದ ಕಟ್ಟಡಕ್ಕೆ ಶೇ 0.2ರಿಂದ 1.5, ವಾಣಿಜ್ಯ ಕಟ್ಟಡಕ್ಕೆ ಶೇ 0.5ರಿಂದ 3ರ ನಡುವೆ ಸ್ಥಳೀಯ ಸಂಸ್ಥೆ ದರ ಗೊತ್ತುಪಡಿಸಬಹುದು. ಮಾರ್ಗಸೂಚಿ ದರಗಳೇ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕೃತಗೊಂಡವು. ಹೀಗಾಗಿ ಏರಿಕೆಯ ಒಂದು ಪಾಲು ಕಾನೂನಿನಿಂದಲೇ ಬಂದದ್ದು; ಅದನ್ನು ಮೇಲ್ಮನವಿಯಿಂದ ಇಳಿಸಲಾಗದು.

ಉಳಿದ ಪಾಲು ಬರುವುದು ನಿರ್ಧರಣಾ ಪಟ್ಟಿಯ ಐದು ಕಾಲಂಗಳಿಂದ: ನಿವೇಶನವಿರುವ ರಸ್ತೆ ಅಥವಾ ಬಡಾವಣೆಗೆ ನಿಗದಿಯಾದ ದರ, ನಿವೇಶನ ಮತ್ತು ಕಟ್ಟಡದ ಅಳತೆ, ಕಟ್ಟಡದ ಬಗೆ, ಅದರ ವಯಸ್ಸಿಗೆ ತಕ್ಕ ಸವಕಳಿ, ಬಳಕೆ. ಇವುಗಳಲ್ಲಿ ಒಂದು ತಪ್ಪಿದರೂ ಮೊತ್ತ ಜಿಗಿಯುತ್ತದೆ. ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರಗಳು ತೆರಿಗೆಯ ಮೇಲೆಯೇ ಬೀಳುವುದರಿಂದ ಅವೂ ಜೊತೆಗೆ ಏರುತ್ತವೆ.

ಒಂದು ಮನೆಯ ಲೆಕ್ಕ

ಕೆಳಗಿನದು ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡ ಉದಾಹರಣೆ. ಇಲ್ಲಿನ ದರಗಳು ಭಾಗ್ಯನಗರದ ನಿಜ ದರಗಳಲ್ಲ. ಒಳರಸ್ತೆಯಲ್ಲಿ 30x40 ಅಡಿಯ, ಅಂದರೆ 1,200 ಚದರ ಅಡಿಯ ನಿವೇಶನ. ಅದರಲ್ಲಿ 900 ಚದರ ಅಡಿಯ ಹಳೆಯ ಮನೆ. ಮುಂದಿನ 180 ಚದರ ಅಡಿಯ ಕೋಣೆಯಲ್ಲಿ ಮಗ್ಗ. ಕಳೆದ ವರ್ಷದ ತೆರಿಗೆ ಕರಗಳನ್ನು ಬಿಟ್ಟು 2,500 ರೂಪಾಯಿ. ಈ ವರ್ಷದ ಬೇಡಿಕೆ 6,750 ರೂಪಾಯಿ.

ಮಾಲೀಕರು ನಿರ್ಧರಣೆಯ ಪ್ರತಿ ಪಡೆದು ನೋಡಿದಾಗ ಲೆಕ್ಕ ಹೀಗಿತ್ತು. ನಿವೇಶನಕ್ಕೆ ಚದರ ಅಡಿಗೆ 1,200 ರೂಪಾಯಿಯಂತೆ 14.40 ಲಕ್ಷ, ಸವಕಳಿ ಕಳೆದು ಕಟ್ಟಡಕ್ಕೆ 8.10 ಲಕ್ಷ, ಒಟ್ಟು 22.50 ಲಕ್ಷ. ಅದರ ಶೇ 25, ಅಂದರೆ 5,62,500 ರೂಪಾಯಿ ತೆರಿಗೆಗೆ ಒಳಪಡುವ ಮೌಲ್ಯ. ಇಡೀ ಕಟ್ಟಡವನ್ನು ವಾಣಿಜ್ಯವೆಂದು ನಮೂದಿಸಿ ಶೇ 1.2ರ ದರ ಹಾಕಲಾಗಿದೆ. ಬಂದ ಮೊತ್ತ 6,750.

ಈಗ ನೆರೆಯ ನಾಲ್ಕು ಆಸ್ತಿಗಳತ್ತ ನೋಡೋಣ. ಎಡಪಕ್ಕದ ಮನೆ ಅದೇ ಒಳರಸ್ತೆಯಲ್ಲಿದ್ದು, ಅದರ ನಿವೇಶನಕ್ಕೆ ಚದರ ಅಡಿಗೆ 800 ರೂಪಾಯಿ ದರವಿದೆ. ಎದುರು ಮನೆಯಲ್ಲೂ ಮಗ್ಗವಿದೆ. ಅಲ್ಲಿ ಮಗ್ಗದ ಕೋಣೆಗೆ ಮಾತ್ರ ವಾಣಿಜ್ಯ ದರ ಹಾಕಿ, ಉಳಿದ ಭಾಗವನ್ನು ವಾಸವೆಂದು ಪರಿಗಣಿಸಲಾಗಿದೆ. ಹಿಂಬದಿಯ ಮನೆ ಮುಖ್ಯರಸ್ತೆಗೆ ಮುಖ ಮಾಡಿದ್ದು, ಅದಕ್ಕೆ 1,200 ರೂಪಾಯಿ ದರವಿದೆ. ನಾಲ್ಕನೆಯ ಮನೆಗೆ ಬರೀ 1,400 ರೂಪಾಯಿ ತೆರಿಗೆ, ಏಕೆಂದರೆ ಅದರ ಮೇಲಂತಸ್ತು ದಾಖಲೆಯಲ್ಲೇ ಇಲ್ಲ.

ಈ ನಾಲ್ಕರಲ್ಲಿ ಮೂರು ಮನೆಗಳು ಸಾಕ್ಷಿಯಾಗುತ್ತವೆ. ಎಡಪಕ್ಕದ ಮನೆ ಮತ್ತು ಹಿಂಬದಿಯ ಮನೆಯನ್ನು ಒಟ್ಟಿಗೆ ಇಟ್ಟರೆ ಮುಖ್ಯರಸ್ತೆಯ ದರ ತಪ್ಪಾಗಿ ಒಳರಸ್ತೆಯ ನಿವೇಶನಕ್ಕೆ ಬಂದಿರುವುದು ಸ್ಪಷ್ಟ. ಎದುರು ಮನೆ ಬಳಕೆಯನ್ನು ವಿಭಜಿಸುವ ಪದ್ಧತಿ ಅದೇ ಕಚೇರಿಯಲ್ಲಿ ಇದೆಯೆಂದು ತೋರಿಸುತ್ತದೆ. ನಾಲ್ಕನೆಯ ಮನೆಯನ್ನು ಅರ್ಜಿಯಲ್ಲಿ ಸೇರಿಸಲೇಬಾರದು.

ತಿದ್ದಿದ ಲೆಕ್ಕ ಹೀಗೆ: ನಿವೇಶನ 9.60 ಲಕ್ಷ, ಕಟ್ಟಡ 8.10 ಲಕ್ಷ, ಒಟ್ಟು 17.70 ಲಕ್ಷ, ಅದರ ಶೇ 25 ಎಂದರೆ 4,42,500 ರೂಪಾಯಿ. ಮಗ್ಗದ ಕೋಣೆ ಕಟ್ಟಡದ ಐದನೇ ಒಂದು ಭಾಗ. ಲೆಕ್ಕದ ಸರಳತೆಗಾಗಿ ಇಡೀ ಮೌಲ್ಯವನ್ನು ಅದೇ ಪ್ರಮಾಣದಲ್ಲಿ ಹಂಚಿದರೆ, 3,54,000ಕ್ಕೆ ವಾಸದ ದರ ಶೇ 0.6ರಂತೆ 2,124 ರೂಪಾಯಿ. 88,500ಕ್ಕೆ ಶೇ 1.2ರಂತೆ 1,062 ರೂಪಾಯಿ. ಒಟ್ಟು 3,186. ಈ ಮೊತ್ತ ಕಳೆದ ವರ್ಷದ 2,500ಕ್ಕಿಂತ ಹೆಚ್ಚು ಎಂಬುದು ಗಮನಾರ್ಹ. ಮಾಲೀಕರು ಕೇಳಬೇಕಾದುದು ಇದನ್ನೇ. ಹಳೆಯ ಮೊತ್ತವನ್ನೇ ಉಳಿಸಿ ಎಂದು ಕೇಳಿದರೆ, ಇರುವ ನ್ಯಾಯವಾದ ವಾದವೂ ದುರ್ಬಲವಾಗುತ್ತದೆ.

ತಪ್ಪಿಗೆ ಸಮಾನತೆ ಇಲ್ಲ

ನಾಲ್ಕನೆಯ ಮನೆಯನ್ನು ಬಿಡಲು ಕಾರಣ ನೆರೆಹೊರೆಯ ದಾಕ್ಷಿಣ್ಯವಷ್ಟೇ ಅಲ್ಲ. ಒಬ್ಬರಿಗೆ ಕಾನೂನುಬಾಹಿರವಾಗಿ ದೊರೆತ ಲಾಭವನ್ನು ತನಗೂ ಕೊಡಿ ಎಂದು ಸಂವಿಧಾನದ 14ನೇ ವಿಧಿಯಡಿ ಕೇಳಲಾಗದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1995ರ ಚಂಡೀಗಢ ಆಡಳಿತ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ನೆರೆಯವರ ತೆರಿಗೆ ಕಡಿಮೆಯಾಗಿರುವುದು ಅಧಿಕಾರಿಯ ತಪ್ಪಿನಿಂದಾದರೆ, ಅರ್ಜಿಯ ಫಲವಾಗಿ ನೆರೆಯವರ ತೆರಿಗೆ ಏರಬಹುದೇ ಹೊರತು ಅರ್ಜಿದಾರರ ತೆರಿಗೆ ಇಳಿಯದು.

ಇದರ ಇನ್ನೊಂದು ಮುಖವೂ ಇದೆ. ಸ್ಥಳ, ಬಳಕೆಗಳ ವ್ಯತ್ಯಾಸವನ್ನು ಲೆಕ್ಕಿಸದೆ ಎಲ್ಲ ಕಟ್ಟಡಗಳನ್ನೂ ಒಂದೇ ಅಳತೆಗೋಲಿಗೆ ಹಾಕುವುದೂ ಸಮಾನತೆಯಲ್ಲ. ನೆಲದ ವಿಸ್ತೀರ್ಣವೊಂದನ್ನೇ ಆಧಾರವಾಗಿಸಿಕೊಂಡಿದ್ದ ಕೇರಳದ 1961ರ ಕಟ್ಟಡ ತೆರಿಗೆ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಅಸಿಂಧುಗೊಳಿಸಿತ್ತು. ಒಳರಸ್ತೆಯ ಮನೆಯನ್ನು ಮುಖ್ಯರಸ್ತೆಯ ಮನೆಯಂತೆ ಎಣಿಸಬೇಡಿ ಎಂಬ ವಾದಕ್ಕೆ ಬಲ ಬರುವುದು ಇಲ್ಲಿಂದ.

ಸ್ಥಳದ ಕಾಲಂ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ರಾಜಧಾನಿ ಕಂಡಿದೆ. ಬೆಂಗಳೂರಿನಲ್ಲಿ ತೆರಿಗೆಯ ವಿಧಾನ ಬೇರೆ. ಅಲ್ಲಿ ಬಡಾವಣೆಗಳನ್ನು ವಲಯಗಳಾಗಿ ವಿಂಗಡಿಸಿ, ಚದರ ಅಡಿಗೆ ದರ ನಿಗದಿಪಡಿಸಲಾಗಿತ್ತು. 2016ರಲ್ಲಿ ಅಂದಿನ ಬಿಬಿಎಂಪಿ ವಲಯಗಳನ್ನು ಮರುವಿಂಗಡಿಸಿತು. ಹಳೆಯ ವಲಯವನ್ನೇ ನಮೂದಿಸಿ ತೆರಿಗೆ ಕಟ್ಟಿದ ಸುಮಾರು 78,000 ಮಾಲೀಕರಿಗೆ ವರ್ಷಗಳ ಬಳಿಕ, 2021ರಲ್ಲಿ, ವ್ಯತ್ಯಾಸದ ಮೊತ್ತದ ಜೊತೆಗೆ ದಂಡ ಮತ್ತು ಬಡ್ಡಿಯನ್ನೂ ಸೇರಿಸಿ ನೋಟಿಸ್ ಬಂತು. ಅಕ್ಕಪಕ್ಕದವರೂ ಹಾಗೆಯೇ ಕಟ್ಟಿದ್ದಾರೆ ಎಂಬುದು ಉತ್ತರವಾಗಲಾರದು, ಏಕೆಂದರೆ ನೋಟಿಸ್ ಅಕ್ಕಪಕ್ಕದವರಿಗೂ ಹೋಗಿತ್ತು. ಅಂತಹ ಸಂದರ್ಭದಲ್ಲಿ ಉತ್ತರವಾಗಬಲ್ಲದ್ದು ಒಂದೇ: ಆ ರಸ್ತೆ ಅಧಿಸೂಚನೆಯಲ್ಲಿ ಯಾವ ವಲಯದಲ್ಲಿದೆ ಎಂಬ ದಾಖಲೆ.

ಅರ್ಜಿ ಸಲ್ಲಿಸುವ ಕ್ರಮ

ಮೊದಲು ನಿರ್ಧರಣೆಯ ಲೆಕ್ಕದ ಪ್ರತಿಯನ್ನು ಕಚೇರಿಯಿಂದ ಲಿಖಿತವಾಗಿ ಕೇಳಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಅದಕ್ಕೆ ಉತ್ತರ ನೀಡಲು 30 ದಿನಗಳ ಅವಕಾಶವಿರುವುದರಿಂದ, ಆಕ್ಷೇಪಣೆಯ ಗಡುವು ಅದಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಕಾಯುತ್ತ ಕೂರಬಾರದು. ಇರುವ ದಾಖಲೆಗಳೊಂದಿಗೆ ಆಕ್ಷೇಪಣೆ ಸಲ್ಲಿಸಿ, ಉಳಿದವನ್ನು ವಿಚಾರಣೆಯಲ್ಲಿ ಒದಗಿಸುವುದಾಗಿ ಬರೆಯಬೇಕು. ಗಡುವನ್ನು ಎಣಿಸುವುದು ನೋಟಿಸ್ ಕೈಸೇರಿದ ದಿನದಿಂದ. ಆದ್ದರಿಂದ ಅದು ಬಂದ ಲಕೋಟೆಯನ್ನು ಎಸೆಯಬಾರದು.

ರಸ್ತೆವಾರು ಮಾರ್ಗಸೂಚಿ ದರದ ಪ್ರತಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಪ್ರಕಟಣೆಯಲ್ಲಿ ದೊರೆಯುತ್ತದೆ. ಅದರೊಂದಿಗೆ ಖಾತೆ ನಕಲು ಅಥವಾ ಇ-ಆಸ್ತಿ ನಮೂನೆ-3, ಕಟ್ಟಡದ ವಯಸ್ಸು ತೋರಿಸುವ ಹಳೆಯ ರಸೀದಿ ಅಥವಾ ವಿದ್ಯುತ್ ಸಂಪರ್ಕದ ದಾಖಲೆ, ಮಗ್ಗದ ಕೋಣೆಯ ಅಳತೆ ತೋರಿಸುವ ನಕ್ಷೆ ಮತ್ತು ಚಿತ್ರ ಇರಬೇಕು. ನೆರೆಯವರ ರಸೀದಿಯನ್ನು ಅವರ ಒಪ್ಪಿಗೆ ಪಡೆದೇ ಲಗತ್ತಿಸುವುದು ಒಳಿತು.

ಮುಖ್ಯಾಧಿಕಾರಿಗಳಿಗೆ ಬರೆಯುವ ಅರ್ಜಿಯ ತಿರುಳು ಹೀಗಿದ್ದರೆ ಸಾಕು: ‘ನನ್ನ ನಿವೇಶನ ಒಳರಸ್ತೆಯಲ್ಲಿದ್ದರೂ ಮುಖ್ಯರಸ್ತೆಯ ದರ ಅನ್ವಯಿಸಲಾಗಿದೆ. ಇದೇ ರಸ್ತೆಯ ಪಕ್ಕದ ನಿವೇಶನಕ್ಕೆ ಒಳರಸ್ತೆಯ ದರವಿದೆ. 900 ಚದರ ಅಡಿಯಲ್ಲಿ 180 ಚದರ ಅಡಿ ಮಾತ್ರ ಮಗ್ಗಕ್ಕೆ ಬಳಕೆಯಾಗುತ್ತಿದ್ದರೂ ಇಡೀ ಕಟ್ಟಡವನ್ನು ವಾಣಿಜ್ಯವೆಂದು ನಮೂದಿಸಲಾಗಿದೆ. ಸ್ಥಳ ಪರಿಶೀಲಿಸಿ, ನನ್ನ ಹೇಳಿಕೆ ಕೇಳಿ, ತೆರಿಗೆಯನ್ನು 3,186 ರೂಪಾಯಿಗೆ ಪರಿಷ್ಕರಿಸಿ ಸಕಾರಣ ಆದೇಶ ನೀಡಬೇಕಾಗಿ ಕೋರಿಕೆ.’ ಇದಕ್ಕೆ ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿ ಪಡೆಯಬೇಕು.

ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ, ವಿಳಂಬದ ದಂಡವೂ ನಿಲ್ಲುವುದಿಲ್ಲ. ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಲಿಖಿತವಾಗಿ ತಿಳಿಸಿ ಹಣ ಪಾವತಿಸಿದರೆ ವಾದವೂ ಉಳಿಯುತ್ತದೆ, ದಂಡವೂ ತಪ್ಪುತ್ತದೆ. ಹೆಚ್ಚುವರಿ ಮೊತ್ತವನ್ನು ಮುಂದಿನ ವರ್ಷದ ತೆರಿಗೆಗೆ ಹೊಂದಿಸುವಂತೆ ಕೇಳಬಹುದು.

ಕೊಪ್ಪಳ ಜಿಲ್ಲೆಯ ರಿಟ್ ಅರ್ಜಿಗಳು ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ. ಆದರೆ ಕಾಯ್ದೆಯಲ್ಲೇ ಇರುವ ಪರಿಹಾರ ಮಾರ್ಗವನ್ನು ಬಳಸದೆ ನೇರವಾಗಿ ಹೋದವರನ್ನು ನ್ಯಾಯಾಲಯ ಸಾಮಾನ್ಯವಾಗಿ ಮೊದಲಿನ ಮೆಟ್ಟಿಲಿಗೇ ಕಳುಹಿಸುತ್ತದೆ. ಆಕ್ಷೇಪಣೆಯನ್ನು ಕೇಳದೆ, ಕಾರಣ ನೀಡದೆ ತಿರಸ್ಕರಿಸಿದ್ದರೆ ಮಾತ್ರ ಸ್ಥಿತಿ ಬೇರೆಯಾಗುತ್ತದೆ. ಆಗ ಕೈಯಲ್ಲಿರಬೇಕಾದುದು ಮೊಹರು ಬಿದ್ದ ಆ ಸ್ವೀಕೃತಿ ಮತ್ತು ಕಾಲಂ ಕಾಲಂ ಹೋಲಿಸಿದ ಆ ಒಂದು ಪುಟ.